ರಿಪೋರ್ಟಿನಲ್ಲಿ ಹುಳ ಇಲ್ಲ, ಮರಿಗೆ ಭೇದಿ ನಿಂತಿಲ್ಲ

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆ ಕಾಫಿ ತೋಟ. 7 ವಾರದ ನಾಯಿಮರಿಗೆ ಹತ್ತು ದಿನದಿಂದ ಬಿಟ್ಟು ಬಿಟ್ಟು ಭೇದಿ, ಜೊತೆಗೆ ಲೋಳೆ. ಒಂದು ಸಲ ಮಲ ಪರೀಕ್ಷೆ ಮಾಡಿಸಿದೆವು, ಹುಳ ಇಲ್ಲ ಅಂತ ಬಂತು. ಹಾಗಾದರೆ ಹುಳದ ಔಷಧಿ ಬೇಡವೇ ಡಾಕ್ಟ್ರೇ?

ಉತ್ತರ: ಬೇಕು. ಅವತ್ತಿನ ಆ ಚಿಟಿಕೆ ಮಲದಲ್ಲಿ ಮೊಟ್ಟೆ ಕಾಣಲಿಲ್ಲ ಅಂತಷ್ಟೇ ಆ ರಿಪೋರ್ಟಿನ ಅರ್ಥ.

ಈ ಪರೀಕ್ಷೆಯಲ್ಲಿ ನಾವು ಹುಡುಕುವುದು ಹುಳವನ್ನಲ್ಲ, ಅದರ ಮೊಟ್ಟೆಯನ್ನು. ಮೊಟ್ಟೆಗಿಂತ ಭಾರದ ದ್ರಾವಣದಲ್ಲಿ ಮಲ ಕಲಸಿದರೆ ಕಸ ಕೆಳಗಿಳಿಯುತ್ತದೆ, ಮೊಟ್ಟೆ ಮೇಲೆ ತೇಲುತ್ತದೆ. ಒಂದು ಅಡಿಕೆಯಷ್ಟು, ಅಂದರೆ 3–5 ಗ್ರಾಂ ಮಲ ಬೇಕು. ಕಲಸಿ, ಸೋಸಿ, ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜಿನಲ್ಲಿ 5 ನಿಮಿಷ ತಿರುಗಿಸುತ್ತೇವೆ. ಆಮೇಲೆ ಬಾಯಿ ಉಬ್ಬುವಷ್ಟು ದ್ರಾವಣ ತುಂಬಿ, ಮೇಲೆ ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಚೂರು ಇಟ್ಟು 10 ನಿಮಿಷ ಬಿಡುತ್ತೇವೆ. ತಿರುಗಿಸದೆ ಸುಮ್ನೆ ನಿಲ್ಲಿಸಿದರೆ ಮೊಟ್ಟೆ ಕಡಿಮೆ ಇರುವ ಮರಿ ತಪ್ಪಿಸಿಕೊಂಡುಬಿಡುತ್ತದೆ.

ಜಂತುಹುಳ ಮತ್ತು ಕೊಕ್ಕೆಹುಳದ ಮೊಟ್ಟೆ ಉಪ್ಪಿನ ದ್ರಾವಣದಲ್ಲೇ ಚೆನ್ನಾಗಿ ತೇಲುತ್ತದೆ. ಜಂತುಹುಳದ್ದು ದುಂಡಗೆ, ಕಪ್ಪಗೆ, ದಪ್ಪ ಸಿಪ್ಪೆಯದು. ಕೊಕ್ಕೆಹುಳದ್ದು ಉದ್ದುದ್ದ, ತೆಳು ಸಿಪ್ಪೆ, ಒಳಗೆ ದ್ರಾಕ್ಷಿ ಗೊಂಚಲಿನಂಥ ಕಣಗಳು. ಗಿಯಾರ್ಡಿಯಾ ಕಥೆಯೇ ಬೇರೆ. ಅದು ಹುಳವಲ್ಲ, ಭೇದಿ ತರುವ ಒಂದೇ ಜೀವಕೋಶದ ಜೀವಿ. ಮಲದಲ್ಲಿ ಹೊರಬೀಳುವ ಅದರ ಗಟ್ಟಿ ಸಿಪ್ಪೆಯ ರೂಪಕ್ಕೆ ಸಿಸ್ಟ್ ಅಂತಾರೆ. ಉಪ್ಪು, ಸಕ್ಕರೆ ದ್ರಾವಣದಲ್ಲಿ ಆ ಸಿಸ್ಟ್ ಒಳಕ್ಕೆ ಕುಸಿದು ಅರ್ಧಚಂದ್ರದಂತಾಗುತ್ತದೆ. ಹೊಸಬರ ಕಣ್ಣಿಗೆ ಅದು ಕಸ. ಅದಕ್ಕೆ 1.18 ಸಾಂದ್ರತೆಯ ಜಿಂಕ್ ಸಲ್ಫೇಟ್ ಬೇಕು. ನಿಮ್ಮ ಲ್ಯಾಬಿನಲ್ಲಿ ಯಾವ ದ್ರಾವಣ ಬಳಸಿದರು, ಕೇಳಿದ್ದೀರಾ?

ಇನ್ನು ಕೊಕ್ಕೆಹುಳ. ತಾಯಿ ಹಾಲಿನಲ್ಲಿ ಮರಿಗೆ ಬಂದ ಲಾರ್ವಾ, ಅಂದರೆ ಎಳೆ ಹುಳ, ಬೆಳೆದು ಮೊಟ್ಟೆ ಇಡಲು ಎರಡು ವಾರಕ್ಕಿಂತ ಜಾಸ್ತಿ ಬೇಕಾಗಬಹುದು. ರಕ್ತ ಹೀರುವುದು ಅದಕ್ಕೂ ಮೊದಲೇ ಶುರು. ಗಿಯಾರ್ಡಿಯಾ ಸಿಸ್ಟ್ ಕೂಡ ದಿನವೂ ಬೀಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ತೋಟದ ಒಂದು ಮರಿಗೆ ಹೀಗೇ ಆಗಿತ್ತು. ಮೊದಲ ದಿನ ಏನೂ ಇಲ್ಲ. ಮೂರನೇ ದಿನ ಎರಡೇ ಎರಡು ಕೊಕ್ಕೆಹುಳದ ಮೊಟ್ಟೆ. ಐದನೇ ದಿನ ಜಿಂಕ್ ಸಲ್ಫೇಟಿನಲ್ಲಿ ಗಿಯಾರ್ಡಿಯಾ. ಮೊದಲ ರಿಪೋರ್ಟ್ ನಂಬಿ ಸುಮ್ಮನಿದ್ದಿದ್ದರೆ ಎರಡೂ ಒಳಗೇ ಉಳಿಯುತ್ತಿದ್ದವು.

ನೀವೂ ದಿನ ಬಿಟ್ಟು ದಿನ ಮೂರು ಸಲ ಮಲ ಕೊಡಿ. ಆಗಷ್ಟೇ ಹಾಕಿದ್ದನ್ನು, ಮಣ್ಣು ತಾಗದ ಮೇಲ್ಭಾಗದಿಂದ ತೆಗೆಯಿರಿ. ನಮ್ಮ ಕಡೆಯ ತೇವದಲ್ಲಿ ಬಿಟ್ಟರೆ ಕೊಕ್ಕೆಹುಳದ ಮೊಟ್ಟೆ ಒಂದೆರಡು ದಿನದಲ್ಲೇ ಒಡೆದು ಲಾರ್ವಾ ಹೊರಬರುತ್ತದೆ. ತಕ್ಷಣ ಕೊಡಲಾಗದಿದ್ದರೆ ಡಬ್ಬಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಫ್ರೀಜರ್ ಬೇಡ. ಮೂರರಲ್ಲೂ ಸಿಗದೆ ಭೇದಿ ಮುಂದುವರಿದರೆ ಗಿಯಾರ್ಡಿಯಾದ ಆಂಟಿಜೆನ್ ಕಿಟ್ ಪರೀಕ್ಷೆ ಕೇಳಿ.

ಹುಳದ ಔಷಧಿಗೆ ಮಾತ್ರ ಇದಕ್ಕೆಲ್ಲ ಕಾಯಬೇಡಿ. ಈ ವಯಸ್ಸಿನ ಮರಿಗೆ, ತಾಯಿಗೂ, ರಿಪೋರ್ಟ್ ಏನೇ ಇರಲಿ ಕೊಡಲೇಬೇಕು. ಆದರೆ ಮರಿಗಳಿಗೆ ಸಾಮಾನ್ಯವಾಗಿ ಕೊಡುವ ಪೈರಾಂಟೆಲ್ ಗಿಯಾರ್ಡಿಯಾಗೆ ನಾಟುವುದಿಲ್ಲ, ಅದಕ್ಕೇ ಈ ಮೂರು ಪರೀಕ್ಷೆ. ಈಗಲೇ ಮರಿಯ ತುಟಿ ಎತ್ತಿ ಒಸಡು ನೋಡಿ. ಬಿಳಚಿಕೊಂಡಿದ್ದರೆ ಇವತ್ತೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.