ಸರಾಸರಿ–ವ್ಯತ್ಯಾಸದ ವೇವ್ಲೆಟ್ ಅಂದ್ರೆ ಬರೀ ಬೇಸಿಸ್ ಬದಲಾವಣೆನಾ?

ಪ್ರಶ್ನೆ: ಹಾರ್ ವೇವ್ಲೆಟ್‌ನಲ್ಲಿ ಸುಮ್ನೆ ಸರಾಸರಿ, ವ್ಯತ್ಯಾಸ ತೆಗೀತಾರೆ. ಇದನ್ನ ಬೇಸಿಸ್ ಬದಲಾವಣೆ ಅಂತ ಯಾಕೆ ಕರೀತಾರೆ?

ಉತ್ತರ: ನಾಲ್ಕು ಸಂಖ್ಯೆಯ ಸಿಗ್ನಲ್ ತಗೊಳ್ಳಿ: `(10, 12, 4, 2)`. ಜೋಡಿ ಜೋಡಿಯಾಗಿ ಸರಾಸರಿ ತೆಗೆದರೆ 11 ಮತ್ತು 3. ಮೊದಲನೆಯದರಿಂದ ಎರಡನೆಯದನ್ನು ಕಳೆದು ಅರ್ಧ ಮಾಡಿದರೆ -1 ಮತ್ತು 1. ಈಗ 11, 3ಕ್ಕೂ ಅದನ್ನೇ ಮಾಡಿ: ಸರಾಸರಿ 7, ಅರ್ಧ ವ್ಯತ್ಯಾಸ 4. ಕೊನೆಗೆ ಉಳಿಯೋದು `(7, 4, -1, 1)`.

ಈ ನಾಲ್ಕು ಸಂಖ್ಯೆಗಳು, ಕೆಳಗಿನ ನಾಲ್ಕು ವೆಕ್ಟರ್‌ಗಳನ್ನು ಹೊಸ ಬೇಸಿಸ್ ಆಗಿ ತಗೊಂಡಾಗ ಅದೇ ಸಿಗ್ನಲ್‌ಗೆ ಸಿಗುವ ಹೊಸ ನಿರ್ದೇಶಾಂಕಗಳು, ಅಷ್ಟೇ:

```
 7 · (1,  1,  1,  1)
+4 · (1,  1, -1, -1)
-1 · (1, -1,  0,  0)
+1 · (0,  0,  1, -1)
```

ಕೂಡಿಸಿ ನೋಡಿ, ಮೂಲ ಸಿಗ್ನಲ್ಲೇ ಬರುತ್ತದೆ. ಮೊದಲ ವೆಕ್ಟರ್ ಒಟ್ಟು ಮಟ್ಟ ಹೇಳುತ್ತದೆ, ಎರಡನೆಯದು ಎಡಭಾಗ ಬಲಭಾಗಕ್ಕಿಂತ ಎಷ್ಟು ಮೇಲಿದೆ ಅಂತ, ಉಳಿದೆರಡು ಒಂದೊಂದು ಜೋಡಿಯ ಒಳಗಿನ ಸಣ್ಣ ಏರಿಳಿತ. ಆ ಸಣ್ಣವೆರಡನ್ನು ಸೊನ್ನೆ ಮಾಡಿದರೆ `(11, 11, 3, 3)` ಸಿಗುತ್ತದೆ. ಒರಟು, ಆದರೆ ಆಕಾರ ಉಳಿಯಿತು ಅಲ್ವಾ?

ಜಾಸ್ತಿ ಜನ ಎಡವೋದು ಇಲ್ಲಿ. ವೆಕ್ಟರ್‌ಗಳು ಒಂದಕ್ಕೊಂದು ಲಂಬವಾಗಿವೆ, ಆದರೆ ಉದ್ದ 1 ಅಲ್ಲ: ಮೊದಲೆರಡರದು 2, ಉಳಿದವುಗಳದು √2. ಹಾಗಾಗಿ ಮೂಲ ಸಂಖ್ಯೆಗಳ ವರ್ಗಗಳ ಮೊತ್ತ 264 ಇದ್ದರೆ, ಹೊಸ ಸಂಖ್ಯೆಗಳದ್ದು ಬರೀ 67. ಹೀಗಿರುವಾಗ ಯಾವ ಗುಣಾಂಕ ಚಿಕ್ಕದು ಅಂತ ನೇರವಾಗಿ ಹೋಲಿಸಿ ಬಿಸಾಡಿದರೆ ತಪ್ಪಾದದ್ದು ಹೋಗಬಹುದು. ಪ್ರತಿ ಹಂತದಲ್ಲೂ 2ರ ಬದಲು √2ರಿಂದ ಭಾಗಿಸಿ, ಆಗ ಎರಡೂ ಕಡೆ 264 ಬರುತ್ತದೆ.