ಬೀಳುವಾಗ ಷೇರು ಮಾರ್ಕೆಟ್ ಯಾಕೆ ನಿಲ್ಲಿಸ್ತಾರೆ?

‘ಬೀಳೋ ಹೊತ್ತಲ್ಲೇ ಮಾರ್ಕೆಟ್ ನಿಲ್ಲಿಸಿದ್ರೆ ನಾವು ಮಾರೋದು ಹೇಗೆ? ಮೋಸ ಅಲ್ವಾ?’

ಮೋಸ ಅಲ್ಲ ರೀ. ಅಂಥ ಹೊತ್ತಲ್ಲಿ ಕೊಳ್ಳುವವರೇ ಹಿಂದೆ ಸರಿದಿರುತ್ತಾರೆ. ‘ಸಿಕ್ಕ ರೇಟಿಗೆ ಮಾರು’ ಅಂತ ಆರ್ಡರ್ ಹಾಕಿದರೆ ಎಷ್ಟು ಕಡಿಮೆ ರೇಟಿಗೆ ಮಾರಾಟವಾಗುತ್ತದೋ ಗೊತ್ತಾಗದು. ನಮ್ಮ ಕಲಬುರಗಿ ಎಪಿಎಂಸಿಯಲ್ಲಿ ಖರೀದಿದಾರರು ಸೇರುವ ಮೊದಲೇ ತೊಗರಿ ಕೊಟ್ಟುಬಿಟ್ಟ ಹಾಗೆ.

2020ರ ಮಾರ್ಚ್ 13ರ ಬೆಳಿಗ್ಗೆ ಷೇರು ಸೂಚ್ಯಂಕ ನಿಫ್ಟಿ 10% ಬಿತ್ತು. 45 ನಿಮಿಷ ವಹಿವಾಟು ನಿಂತಿತು. ಹೀಗೆ ನಿಂತ ಮೇಲೆ 15 ನಿಮಿಷ ಪ್ರೀ-ಓಪನ್ ಇರುತ್ತದೆ. ಎರಡೂ ಕಡೆಯ ಆರ್ಡರ್ ಕೂಡಿಸಿ, ಪ್ರತಿ ಷೇರಿಗೂ ಅದರದೇ ಒಂದು ರೇಟು ಹಿಡಿಯುತ್ತಾರೆ. ಅವತ್ತು ಮಾರ್ಕೆಟ್ ಏರಿಕೆಯಲ್ಲೇ ಮುಗಿಯಿತು!

ಆದರೆ ಅದೇ ತಿಂಗಳ 23ರಂದು ನಿಲ್ಲಿಸಿದರೂ ಸುಮಾರು 13% ಇಳಿಯಿತು. ನಿಲ್ಲಿಸಿದರೆ ಯೋಚಿಸಲು ಪುರಸೊತ್ತು ಸಿಗುತ್ತದೆ, ಅಷ್ಟೇ. ಮಧ್ಯಾಹ್ನ 2:30ರ ನಂತರ 10% ಬಿದ್ದರೆ ನಿಲ್ಲಿಸುವುದೂ ಇಲ್ಲ.