ಪರಿಚಯಗಳಿಂದ ಕೆಲಸ ಬರುತ್ತಿದೆಯಾ ಅಂತ ಅಳೆಯೋದು

"ಮೈಸೂರಲ್ಲಿ ಫ್ರೀಲ್ಯಾನ್ಸ್ ವೆಬ್ ಡಿಸೈನರ್ ಆಗಿದ್ದೀನಿ. ಲಿಂಕ್ಡ್‌ಇನ್‌ನಲ್ಲಿ ಫಾಲೋವರ್ಸ್ ಏರ್ತಾನೇ ಇದ್ದಾರೆ, ಕೆಲಸ ಮಾತ್ರ ಬರ್ತಿಲ್ಲ. ನನ್ನ ನೆಟ್‌ವರ್ಕಿಂಗ್ ಸರಿ ಇದೆಯಾ ಅಂತ ಹೇಗೆ ತಿಳ್ಕೊಳ್ಳೋದು?"

ನಾನೂ ಮೈಸೂರಿನವನೇ, ಲೇಬಲ್ ಮತ್ತು ಪ್ಯಾಕಿಂಗ್ ಡಿಸೈನ್ ಮಾಡುತ್ತೇನೆ. ಅಗರಬತ್ತಿ ಮಾಡುವವರು, ಮಂಡ್ಯ ಕಡೆಯ ಬೆಲ್ಲದವರು ನನ್ನ ಗಿರಾಕಿಗಳು. ನಿಮ್ಮ ಫಾಲೋವರ್ಸ್ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಜಾಸ್ತಿ ಜನ ಬೇರೆ ಡಿಸೈನರ್‌ಗಳೇ ಇದ್ದರೆ ಅಲ್ಲಿಂದ ಲೈಕ್ ಬರುತ್ತೆ, ಕೆಲಸ ಬರಲ್ಲ.

ಒಂದು ಶೀಟ್ ಮಾಡಿ, ಒಬ್ಬರಿಗೆ ಒಂದು ಸಾಲು. ಯಾವತ್ತು ಬರೆದಿರಿ, ಯಾರ ಮೂಲಕ, ಉತ್ತರ ಬಂತಾ, ಭೇಟಿ ಆಯ್ತಾ, ಕೊಟೇಶನ್ ಕೇಳಿದರಾ, ಕೆಲಸ ಸಿಕ್ತಾ. ತುಂಬುವಾಗ ಸ್ವಲ್ಪ ಬಿಗಿಯಾಗಿರಿ. "ಥ್ಯಾಂಕ್ಸ್, ನೋಡೋಣ" ಅನ್ನುವುದನ್ನು ಉತ್ತರ ಅಂತ ಎಣಿಸಬೇಡಿ. "ಐದು ಪೇಜಿನ ಸೈಟಿಗೆ ಎಷ್ಟು ದಿನ ಬೇಕು?" ಅಂತ ತಿರುಗಿ ಕೇಳಿದರೆ ಎಣಿಸಿ. "ಈ ಕಡೆ ಬಂದಾಗ ಬನ್ನಿ" ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ, ಅದು ಭೇಟಿ ಅಲ್ಲ. "ಬುಧವಾರ ಹನ್ನೊಂದಕ್ಕೆ ಹೆಬ್ಬಾಳದ ಆಫೀಸಿಗೆ ಬನ್ನಿ" ಅಂದರೆ ಭೇಟಿ.

ಈಗ ನೋಡಬೇಕಾದ್ದು ಎಲ್ಲಿ ನಿಂತುಹೋಗುತ್ತಿದೆ ಅಂತ. ನೀವು 40 ಜನಕ್ಕೆ ಬರೆದಿರಿ ಅಂತಿಟ್ಟುಕೊಳ್ಳಿ. 20 ಜನ ಗುರುತೇ ಇಲ್ಲದವರು, ಅವರಿಂದ 2 ಉತ್ತರ. ಉಳಿದ 20 ಜನ ಯಾರಾದರೂ ಪರಿಚಯ ಮಾಡಿಸಿದವರು, ಅವರಿಂದ 9 ಉತ್ತರ, 5 ಭೇಟಿ, ಆದರೆ ಕೊಟೇಶನ್ ಒಂದೂ ಇಲ್ಲ. ಮೊದಲ ಗುಂಪಿನಲ್ಲಿ ಮೆಸೇಜೇ ಮುಟ್ಟುತ್ತಿಲ್ಲ. ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿದ್ದರೆ ಅದನ್ನು ಬದಲಿಸಿ. ಎರಡನೇ ಗುಂಪಿನಲ್ಲಿ ತೊಂದರೆ ಭೇಟಿಯಲ್ಲಿದೆ. ಬಹುಶಃ ದುಡ್ಡಿನ ತೀರ್ಮಾನ ಮಾಡುವವರನ್ನು ಬಿಟ್ಟು ಬೇರೆಯವರ ಜೊತೆ ಕೂತು ಬರುತ್ತಿದ್ದೀರಿ. ಹೋಗುವ ಮೊದಲೇ "ಸೈಟ್ ವಿಷಯ ಯಾರು ನೋಡ್ತಾರೆ?" ಅಂತ ಕೇಳಿಬಿಡಿ. ಆ 9 ಉತ್ತರ ನೋಡಿ ಖುಷಿಪಡಬೇಡಿ, ಪರಿಚಯಿಸಿದವರ ಮುಖ ನೋಡಿ ಉತ್ತರ ಕೊಡುವವರು ಇದ್ದೇ ಇರುತ್ತಾರೆ. 20ರಲ್ಲಿ 2, 3 ಅನ್ನೋ ವ್ಯತ್ಯಾಸಕ್ಕೆ ಅರ್ಥವಿಲ್ಲ. 2 ಮತ್ತು 9 ಅಂದರೆ ಗಮನಿಸಬೇಕು.

ತಿಂಗಳ ಕೊನೆಗೇ ಲೆಕ್ಕ ಮುಗಿಸಬೇಡಿ. ಜುಲೈನಲ್ಲಿ ಬರೆದ ಹೋಂಸ್ಟೇಯವರು "ದಸರಾ ಮುಗೀಲಿ" ಅನ್ನಬಹುದು. ಜುಲೈ ಗುಂಪನ್ನು ಜುಲೈ ಅಂತಲೇ ಇಟ್ಟುಕೊಂಡು, ದಸರಾ ಕಳೆದ ಮೇಲೆ ಅವರಲ್ಲಿ ಎಷ್ಟು ಜನ ಕೆಲಸ ಕೊಟ್ಟರು ನೋಡಿ.

"ಯಾರ ಮೂಲಕ" ಅನ್ನೋ ಕಾಲಂ ಖಾಲಿ ಬಿಡಲೇಬೇಡಿ. ಹೊಸ ಗಿರಾಕಿ ಬಂದಾಗಲೆಲ್ಲ ನನ್ನ ಬಗ್ಗೆ ಯಾರು ಹೇಳಿದರು ಅಂತ ಕೇಳುತ್ತೇನೆ. ಜಾಸ್ತಿ ಸಲ ಕೇಳಿಬರುವುದು ಒಬ್ಬ ಪ್ರಿಂಟಿಂಗ್ ಪ್ರೆಸ್‌ನವರ ಹೆಸರು. ಅವರಿಗೆ ಯಾವ ಸೋಷಿಯಲ್ ಮೀಡಿಯಾ ಅಕೌಂಟೂ ಇಲ್ಲ. ಲೇಬಲ್ ಪ್ರಿಂಟ್ ಮಾಡಿಸೋಕೆ ಬಂದವರು ಡಿಸೈನ್ ತಂದಿಲ್ಲದಿದ್ದರೆ ನನ್ನ ನಂಬರ್ ಕೊಡುತ್ತಾರೆ. ನಿಮ್ಮ ಕೆಲಸಕ್ಕೆ ಅಂಥವರು ಜಿಎಸ್‌ಟಿ ಫೈಲ್ ಮಾಡುವ ಅಕೌಂಟೆಂಟ್ ಇರಬಹುದು, ಬೋರ್ಡ್ ಬರೆಯುವವರಿರಬಹುದು. ಮೊದಲು ಅವರಿಗೆ ಫೋನ್ ಮಾಡಿ.